ರೈಲಿಗೆ 10 ಅಲ್ಲ, 30 ಸೆಕೆಂಡು ಏಕೆ?

ಪ್ರಶ್ನೆ: ಹಾಸನದ ಕೋಚಿಂಗ್ ತರಗತಿಯ ಕ್ವಿಜ್ ಹಾಳೆಯ ಫೋಟೊ ಹಾಕಿದ್ದೇನೆ. ರೈಲು ಪ್ಲಾಟ್‌ಫಾರ್ಮ್ ದಾಟಲು ಎಷ್ಟು ಹೊತ್ತು ಎಂಬ ಲೆಕ್ಕಕ್ಕೆ 10 ಸೆಕೆಂಡು, ದೋಣಿ ನದಿಯಲ್ಲಿ ಹೋಗಿ ಬರಲು ಎಷ್ಟು ಹೊತ್ತು ಎಂಬುದಕ್ಕೆ 4 ಗಂಟೆ 48 ನಿಮಿಷ ಬಂತು. ಎರಡೂ ತಪ್ಪಂತೆ. ಏಕೆ?

ಉತ್ತರ: ಫೋಟೊ ಸ್ವಲ್ಪ ಮಸುಕಾಗಿದ್ದರೂ ಅಂಕಿಗಳು ಓದಲು ಬರುತ್ತವೆ. ರೈಲಿನ ಉದ್ದ 150 ಮೀಟರ್, ವೇಗ ಗಂಟೆಗೆ 54 ಕಿ.ಮೀ., ಅಂದರೆ ಸೆಕೆಂಡಿಗೆ 15 ಮೀಟರ್. ನೀವು 150ನ್ನು 15ರಿಂದ ಭಾಗಿಸಿದ್ದೀರಿ. ಅದು ಕಂಬ ದಾಟುವ ಸಮಯ. ಪ್ಲಾಟ್‌ಫಾರ್ಮ್ 300 ಮೀಟರ್ ಇದೆ; ಇಂಜಿನ್ ಅದರ ಆರಂಭಕ್ಕೆ ಬಂದಲ್ಲಿಂದ ಕೊನೆಯ ಬೋಗಿ ಅದರ ಅಂಚು ಬಿಡುವವರೆಗೆ ರೈಲು 450 ಮೀಟರ್ ಸಾಗಬೇಕು. ಆದ್ದರಿಂದ 30 ಸೆಕೆಂಡು. ಪ್ಲಾಟ್‌ಫಾರ್ಮ್ ನಿಂತೇ ಇರುವುದರಿಂದ ಸಾಪೇಕ್ಷ ವೇಗ 15 ಆಗಿಯೇ ಉಳಿಯುತ್ತದೆ, ಬದಲಾಗುವುದು ದೂರ ಮಾತ್ರ.

ದೋಣಿಯಲ್ಲಿ ಇದು ತಿರುಗುಮುರುಗು: ದೂರ ಎರಡೂ ಕಡೆ 24 ಕಿ.ಮೀ., ದಡಕ್ಕೆ ಹೋಲಿಸಿದ ವೇಗ ಮಾತ್ರ ಬೇರೆ. ನಿಂತ ನೀರಿನಲ್ಲಿ ಗಂಟೆಗೆ 10 ಕಿ.ಮೀ., ಹರಿವು 2. ಹೇಮಾವತಿಯ ಹರಿವಿನೊಂದಿಗೆ ಹೋದರೆ 12, ಎದುರಾಗಿ ಬಂದರೆ 8. ಹೋಗಲು 2 ಗಂಟೆ, ಬರಲು 3, ಒಟ್ಟು 5. ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಯಿತೆಂದು ನೀವು 48ನ್ನು 10ರಿಂದ ಭಾಗಿಸಿದಿರಿ. ಆದರೆ ದೋಣಿ ನಿಧಾನದ ವೇಗದಲ್ಲಿ ಹೆಚ್ಚು ಹೊತ್ತು ಇರುತ್ತದೆ. ಹಾಗಾಗಿ ಸರಾಸರಿ 9.6ಕ್ಕೆ ಇಳಿಯುತ್ತದೆ.