ಇ-ಟಿಕೆಟ್‌ನಲ್ಲಿ 2PC ಅಂದ್ರೆ ಎಷ್ಟು ಕೆಜಿ?

ಅಮ್ಮ ಮಂಗಳೂರಿನಿಂದ ಬೆಂಗಳೂರು, ದುಬೈ ಮೇಲೆ ಚಿಕಾಗೋಗೆ ಹೊರಟಿದ್ದಾರೆ. ಟಿಕೆಟ್‌ನಲ್ಲಿ 2PC ಅಂತಿದೆ. ಒಟ್ಟು ಎಷ್ಟು ಕೆಜಿ ಒಯ್ಯಬಹುದು?

PC ಅಂದ್ರೆ ಬ್ಯಾಗಿನ ಲೆಕ್ಕ, ತೂಕದ್ದಲ್ಲ. ಎಕಾನಮಿಯಲ್ಲಿ ಸಾಮಾನ್ಯವಾಗಿ ಒಂದೊಂದು ಬ್ಯಾಗಿಗೆ 23 ಕೆಜಿ. ಒಂದರಲ್ಲಿ 28, ಇನ್ನೊಂದರಲ್ಲಿ 18 ತುಂಬಿದರೆ ಒಟ್ಟು 46 ಆದರೂ ಮೊದಲನೆಯದಕ್ಕೆ ದುಡ್ಡು ಕೇಳ್ತಾರೆ. 30K ಅಂತಿದ್ದರೆ ಮಾತ್ರ ಒಟ್ಟು ತೂಕ.

ಆದರೆ ನಾನು ಮೊದಲು ನೋಡೋದು ಟಿಕೆಟ್ ನಂಬರ್, ಎಲ್ಲ ಹಾರಾಟಗಳೂ ಒಂದೇ ಟಿಕೆಟ್‌ನಲ್ಲಿವೆಯಾ ಅಂತ. ಆರಕ್ಷರದ PNR ಬುಕಿಂಗ್‌ನದು, 13 ಅಂಕಿಯದು ಟಿಕೆಟ್‌ನದು. ಮಂಗಳೂರು–ಬೆಂಗಳೂರು ಹಾರಾಟವನ್ನು ಬೇರೆಯಾಗಿ ಬುಕ್ ಮಾಡಿದ್ದರೆ ಆ ಟಿಕೆಟ್‌ಗೆ ಅದರದ್ದೇ ನಿಯಮ, ದೇಶದೊಳಗೆ ಹೆಚ್ಚಾಗಿ 15 ಕೆಜಿ ಅಷ್ಟೇ, ಅಂದ್ರೆ ಅಮ್ಮನ ಉಪ್ಪಿನಕಾಯಿ ಭರಣಿ ಮಂಗಳೂರಿನ ಕೌಂಟರ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೂ ಎರಡನೇ ಕಂಪನಿಗೆ ಅದು ನೋ-ಶೋ, ಅಂದ್ರೆ ಪ್ರಯಾಣಿಕರು ಬರಲೇ ಇಲ್ಲ ಅನ್ನೋ ಲೆಕ್ಕ. ಒಂದೇ ಟಿಕೆಟ್ ಆದರೆ ಈ ತಲೆನೋವು ಕಡಿಮೆ.

ಕ್ಲಾಸ್ ಅಂತ Q, L ಥರ ಒಂದು ಅಕ್ಷರ ಇರುತ್ತಲ್ವಾ, ಅದು ಸೀಟಿನದಲ್ಲ, ದರದ ಗುರುತು. ಪಕ್ಕದ ಸೀಟಿನವರದು ಬೇರೆ ಅಕ್ಷರವಾದರೆ ಅವರಿಗೆ ರೀಫಂಡ್ ಸಿಗಬಹುದು, ನಿಮಗೆ ಇಲ್ಲ. NONREF, ಅಂದ್ರೆ ರೀಫಂಡ್ ಇಲ್ಲ ಅಂತಿದ್ದರೂ ಕೆಲವು ತೆರಿಗೆ ವಾಪಸ್ ಬರುತ್ತೆ, ಕೇಳಿ ನೋಡಿ.