ಸ್ಪೀಡ್ ಇದ್ದರೂ ಗೇಮ್‌ನಲ್ಲಿ ಲ್ಯಾಗ್ ಯಾಕೆ?

"ಟೆಸ್ಟ್ ಮಾಡಿದರೆ 100 ಎಂಬಿಪಿಎಸ್ ಬರುತ್ತೆ. ಆದರೂ ರಾತ್ರಿ ವ್ಯಾಲೊರಂಟ್ ಆಡುವಾಗ ಪಿಂಗ್ 30ರಿಂದ 250ಕ್ಕೆ ಹಾರುತ್ತೆ. ಹೊಸ ರೌಟರ್ ತಗೊಳ್ಳಲಾ?"

ಈಗಲೇ ಬೇಡ. ಆಡುವಾಗ ವಿಂಡೋಸ್‌ನ ಎರಡು ಕಮಾಂಡ್ ಪ್ರಾಂಪ್ಟ್ ವಿಂಡೋಗಳಲ್ಲಿ ಇವನ್ನು ಓಡಲು ಬಿಡಿ:

```
ping -t 192.168.1.1
ping -t 8.8.8.8
```

ಮೊದಲನೆಯದು ನಿಮ್ಮ ರೌಟರ್, ಎರಡನೆಯದು ಹೊರಗಿನ ಗೂಗಲ್ ಸರ್ವರ್. ರೌಟರ್ ವಿಳಾಸ ಬೇರೆ ಇದ್ದರೆ `ipconfig` ಕೊಟ್ಟಾಗ `Default Gateway` ಮುಂದೆ ಸಿಗುತ್ತದೆ. ರೌಟರ್‌ನ ಪಿಂಗ್‌ನಲ್ಲೇ ಸಂಖ್ಯೆ 2, 40, 5, 90 ಅಂತ ಕುಣಿದರೆ, ಅದೇ ಜಿಟರ್. `Request timed out` ಬಂದರೆ ಪ್ಯಾಕೆಟ್ ಕಳೆದುಹೋಗಿದೆ. ಎರಡಕ್ಕೂ ಸಾಮಾನ್ಯವಾಗಿ ವೈಫೈಯೇ ಕಾರಣ. ಲ್ಯಾನ್ ಕೇಬಲ್ ಹಾಕಿ ನೋಡಿ.

ರೌಟರ್ ಸರಿಯಿದ್ದು ಎರಡನೆಯದು ಮಾತ್ರ ಏರಿದರೆ, ಆ ಹೊತ್ತಿಗೆ ಯಾರದ್ದಾದರೂ ಫೋನ್ ಫೋಟೊ ಬ್ಯಾಕಪ್ ಮಾಡುತ್ತಿದೆಯಾ ನೋಡಿ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಅಪ್‌ಲೋಡ್ ತುಂಬಿದಾಗ ಪ್ಯಾಕೆಟ್‌ಗಳು ಕ್ಯೂ ನಿಲ್ಲುತ್ತವೆ, ಗೇಮ್‌ನದ್ದೂ ಅದರ ಹಿಂದೆಯೇ ಕಾಯುತ್ತದೆ. ರೌಟರ್‌ನಲ್ಲಿ ಈ ಕ್ಯೂ ಬೆಳೆಯದಂತೆ ನೋಡಿಕೊಳ್ಳುವ ಎಸ್‌ಕ್ಯೂಎಂ ಸೆಟ್ಟಿಂಗ್ ಇದ್ದರೆ ಆನ್ ಮಾಡಿ, ಟೆಸ್ಟ್‌ನಲ್ಲಿ ಬಂದ ಅಪ್‌ಲೋಡ್‌ನ ಸುಮಾರು ಶೇ. 90 ಮಿತಿ ಹಾಕಿ. 40 ಬಂದರೆ 36. ಡೌನ್‌ಲೋಡ್‌ಗೂ ಹಾಗೆಯೇ. ಸ್ವಲ್ಪ ಸ್ಪೀಡ್ ಹೋಗುತ್ತದೆ, ಆದರೆ ಕ್ಯೂ ಬೆಳೆಯಲ್ಲ.

ಯಾರೂ ನೆಟ್ ಬಳಸದಾಗಲೂ, ಕೇಬಲ್‌ನಲ್ಲೂ ಎರಡನೆಯದು ಮಾತ್ರ ಏರಿದರೆ ತೊಂದರೆ ಸಾಮಾನ್ಯವಾಗಿ ಹೊರಗಿನ ಲೈನ್‌ನದ್ದು. ಆಗ ರೌಟರ್ ಬದಲಿಸಿದರೆ ದುಡ್ಡು ಸುಮ್ನೆ ಹೋಗುತ್ತೆ. ಆ ಎರಡೂ ವಿಂಡೋಗಳ ಸ್ಕ್ರೀನ್‌ಶಾಟ್ ಇಟ್ಟು ನೆಟ್ ಕಂಪನಿಗೆ ದೂರು ಕೊಡಿ.