ಸಿಂದಗಿಯ ಮೂರು ಲಾಡ್ಜ್ ಬಿಲ್ಲುಗಳು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬೇಕಾದವರೊಬ್ಬರ ತಪ್ಪನ್ನು ಮುಚ್ಚಿಡಲೇ, ಮೇಲಿನವರಿಗೆ ತಿಳಿಸಲೇ ಎಂಬ ತೊಳಲಾಟ ಹೊತ್ತು ನನ್ನ ಬಳಿ ಸಲಹೆಗೆ ಬಂದವರಲ್ಲಿ ಇವರು ಮೊದಲಿಗರಲ್ಲ. ಆದರೆ ಇವರಾಡಿದ ಒಂದು ಮಾತು ನನ್ನನ್ನು ಬಿಟ್ಟಿಲ್ಲ.

ಇವರು ವಿಜಯಪುರದಲ್ಲಿ ಕೃಷಿ ಪಂಪ್‌ಸೆಟ್ ಮಾರುವ ಸಂಸ್ಥೆಯೊಂದರ ಶಾಖಾ ವ್ಯವಸ್ಥಾಪಕರು. ಇಂಡಿ, ಸಿಂದಗಿ ಕಡೆ ತಿರುಗುವ ಮಾರಾಟ ಪ್ರತಿನಿಧಿಯನ್ನು ಕಚೇರಿಯ ಹುಡುಗರೆಲ್ಲ ಕಾಕಾ ಎನ್ನುತ್ತಾರೆ. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಆಸ್ಪತ್ರೆಗೆ ಓಡುವವರು ಅವರೇ.

ವ್ಯವಸ್ಥಾಪಕರು ಮೇಜಿನ ಮೇಲೆ ಮೂರು ಲಾಡ್ಜ್ ಬಿಲ್ಲುಗಳ ಜೆರಾಕ್ಸ್ ಹರಡಿದರು. ಸಿಂದಗಿಯ ಒಂದೇ ಲಾಡ್ಜ್. ತಾರೀಖು ನವೆಂಬರ್, ಡಿಸೆಂಬರ್, ಜನವರಿಯದು. ಬಿಲ್ ಸಂಖ್ಯೆ ಮಾತ್ರ 141, 142, 143. ಖಾಲಿ ಬಿಲ್ಲುಗಳನ್ನು ಒಟ್ಟಿಗೆ ತಂದಿಟ್ಟುಕೊಂಡು ಬೇಕಾದಾಗ ತುಂಬಿದಂತಿತ್ತು. ಜನವರಿಯ ಬಿಲ್ಲಿನಲ್ಲಿದ್ದ ರಾತ್ರಿಯಂತೂ ಕಾಕಾ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಇವರ ಪಕ್ಕದಲ್ಲೇ ನಿಂತು ಮದ್ದು ಸುಡುವುದನ್ನು ನೋಡಿದ್ದರು.

“ಮೇಡಂ, ಅವರ ಮಗಳ ಮದುವೆ ಗೊತ್ತಾಗಿದೆ. ಒಟ್ಟು 2,700 ರೂಪಾಯಿ. ನಾನೇ ತುಂಬಿ, ಅವರನ್ನು ಒಬ್ಬರೇ ಕರೆದು ಬುದ್ಧಿ ಹೇಳಿದರೆ ಸಾಲದೇ?”

“ನಿಮಗೆ ಅಷ್ಟಾಗಿ ಸೇರದ ಒಬ್ಬರು ಇದನ್ನೇ ಮಾಡಿದ್ದರೆ?” ಎಂದು ಕೇಳಿದೆ.

ಜೆರಾಕ್ಸನ್ನು ಮಡಚಿದರು, ಮತ್ತೆ ಬಿಚ್ಚಿದರು. “ಹೋದ ವರ್ಷ ಒಬ್ಬ ಹುಡುಗ ಪೆಟ್ರೋಲ್ ಬಿಲ್ಲಿನ 300ನ್ನು 800 ಎಂದು ತಿದ್ದಿದ್ದ. ಅಂದು ಸಂಜೆಯೇ ಮೇಲಿನವರಿಗೆ ಬರೆದೆ. ಅವನ ಪರವಾಗಿ ಒಂದು ಮಾತಾಡುವವರೂ ಇರಲಿಲ್ಲ, ಕೆಲಸ ಹೋಯಿತು.”

ನನ್ನ ಸಲಹೆ ಹುಟ್ಟಿದ್ದು ಆ ಹುಡುಗನಿಂದ. ಹಣ ನೀವು ತುಂಬಬೇಡಿ ಎಂದೆ, ಏಕೆಂದರೆ ಮೂರೂ ಬಿಲ್ಲಿನ ಕೆಳಗೆ ಮಂಜೂರಾತಿಯ ಸಹಿ ಇವರದೇ. ಗುಟ್ಟಾಗಿ ತುಂಬಿದ ಹಣ ಮುಂದೆ ಬಯಲಾದರೆ ಕರುಣೆಯಾಗಿ ಕಾಣುವುದಿಲ್ಲ, ಶಾಮೀಲಾದಂತೆ ಕಾಣುತ್ತದೆ. ಕಾಕಾ ಎದುರು ಬಿಲ್ಲುಗಳನ್ನಿಟ್ಟು “ಇದನ್ನು ವಿವರಿಸಿ” ಎಂದಷ್ಟೇ ಕೇಳಿ. ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಮೊದಲೇ ಕೊಡಬೇಡಿ. ಅವರ ಉತ್ತರವನ್ನೂ, ನೀವು ನೋಡದೆ ಸಹಿ ಹಾಕಿದ್ದನ್ನೂ ಲೆಕ್ಕ ವಿಭಾಗಕ್ಕೆ ಬರೆಯಿರಿ. ದಯೆ ತೋರಿಸಿ ಎಂದು ಕೇಳುವುದಿದ್ದರೆ ಅದೇ ಪತ್ರದಲ್ಲಿ, ನಿಮ್ಮ ಹೆಸರಿನಲ್ಲಿ ಕೇಳಿ.

ಮದುವೆಯ ಮನೆಗೆ ಕಲ್ಲು ಹಾಕಿಸಿದಿರಿ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಕಾಕಾ ಉಪಕಾರಿ ಎಂಬುದು ಶಿಕ್ಷೆ ತಗ್ಗಿಸಲು ಕಾರಣವಾಗಬಹುದು; ಬಿಲ್ಲನ್ನೇ ಮುಚ್ಚಿಡಲು ಆಗದು. ಲಾಡ್ಜ್ ಭತ್ಯೆ ವರ್ಷಗಳಿಂದ ಏರಿಲ್ಲ ಎಂಬ ಕಾಕಾನ ದೂರು ನಿಜವೇ ಆಗಿತ್ತು. ಅದಕ್ಕೆ ಬೇರೆಯೇ ಪತ್ರ ಬರೆಯಲು ಹೇಳಿದೆ. ಆದರೆ ತಂಗದ ರಾತ್ರಿಗೆ ಆ ದೂರು ಉತ್ತರವಾಗುವುದಿಲ್ಲ.

ಕಾಕಾ ಒಪ್ಪಿಕೊಂಡರು. ಸಂಸ್ಥೆ ಹಣವನ್ನು ಸಂಬಳದಲ್ಲಿ ಮುರಿದುಕೊಂಡು ಎಚ್ಚರಿಕೆ ಪತ್ರ ಕೊಟ್ಟಿತು. ವ್ಯವಸ್ಥಾಪಕರಿಗೂ ಒಂದು ಬಂತು. ಮದುವೆ ನಡೆಯಿತು, ಇವರಿಗೆ ಕರೆಯೋಲೆ ಬರಲಿಲ್ಲ.

ಕೊನೆಯ ಭೇಟಿಯಲ್ಲಿ ಅವರು ಕಾಕಾನ ಮಾತನ್ನೇ ಎತ್ತಲಿಲ್ಲ. “ಆ ಹುಡುಗನ ನಂಬರ್ ಇನ್ನೂ ನನ್ನ ಮೊಬೈಲಿನಲ್ಲಿದೆ. ಫೋನ್ ಮಾಡಿ ಏನೆಂದು ಹೇಳಲಿ, ಮೇಡಂ?” ಎಂದು ಕೇಳಿದರು.